ಕಾಲು ಕಾಣುವ ಪಟ

ನಮ್ಮ ಅಂಗಡಿಯಲ್ಲಿ ಜನರನ್ನು ಕತ್ತರಿಸುವ ಕೆಲಸ ನನ್ನದು. ಫೋಟೋ ತೆಗೆಯುವುದು ನಮ್ಮೆಜಮಾನರು. ಅದನ್ನು ಕಂಪ್ಯೂಟರಿಗೆ ಹಾಕಿ, ಬೇಕಾದ ಅಳತೆಗೆ ಕತ್ತರಿಸಿ, ಅಕ್ಷರ ಕೂರಿಸಿ, ಅಚ್ಚಿಗೆ ಬಿಡುವುದು ನಾನು. ಕೊಳ್ಳೇಗಾಲದ ಬಸ್ ಸ್ಟ್ಯಾಂಡಿಗೆ ಹತ್ತಿರದ ಒಂದು ಗಲ್ಲಿಯಲ್ಲಿ ಮುಂದೆ ಸ್ಟುಡಿಯೋ, ಹಿಂದೆ ಬ್ಯಾನರ್ ಮೆಷಿನ್. ಆ ಮೆಷಿನ್ನಿನ ಇಂಕಿನ ವಾಸನೆ ನನ್ನ ಸೀರೆಯಲ್ಲೂ ಇದೆ, ಮಾಡಿದ ಸಾರಿನಲ್ಲೂ ಇದೆ ಎಂದು ಮಗಳು ಹೇಳುತ್ತಾಳೆ. ಇರಲಿ ಬಿಡು, ಉಣ್ಣುವವರು ಉಣ್ಣಲಿ.

ಬೆನ್ನು ನೋವು, ಕಣ್ಣುರಿ, ಅದರ ಮೇಲೆ ಕರೆಂಟು ಹೋಗಿ ಬರುವ ಆಟ. ಆದರೆ ಇವೆಲ್ಲಕ್ಕಿಂತ ಸುಸ್ತು ಮಾಡುವುದು ಗಿರಾಕಿಗಳ ತಕರಾರು. ಅವತ್ತು ಬೆಳಿಗ್ಗೆ ಯಳಂದೂರಿನವರು ಬಂದಿದ್ದರು. ಮನೆಯ ಹಿರಿಯರೊಬ್ಬರು ತೀರಿಕೊಂಡಿದ್ದರು, ತಿಥಿಗೆ ಶ್ರದ್ಧಾಂಜಲಿ ಬ್ಯಾನರ್ ಬೇಕು. ಅವರ ಹತ್ತಿರ ಇದ್ದದ್ದು ಮದುವೆ ಮನೆಯ ಗುಂಪು ಫೋಟೋ ಒಂದೇ. ಅದರಿಂದ ಆ ಹಿರಿಯರನ್ನು ಎದೆಮಟ್ಟಕ್ಕೆ ಕತ್ತರಿಸಿ ಎತ್ತಿಕೊಂಡು, ಹೆಗಲ ಮೇಲಿದ್ದ ಯಾರದೋ ಕೈ ಅಳಿಸಿ, ಹಿಂದೆ ಮೋಡ ಹಾಕಿ ಕೊಟ್ಟೆ. ನಮ್ಮ ಕಡೆ ಸತ್ತವರನ್ನು ಎದೆಮಟ್ಟಕ್ಕೇ ಕತ್ತರಿಸುವುದು. ಯಾರೂ ಹೇಳಿಕೊಟ್ಟದ್ದಲ್ಲ, ಕೈಗೆ ಬಂದುಬಿಟ್ಟಿದೆ.

ಅವರು ಅತ್ತ ಹೋದರು, ಇತ್ತ ಹನೂರಿನ ಟೈಲರ್ ಹುಡುಗಿ ಬಂದಳು.

ಹುಡುಗಿ ಅಂತ ನಾನು ಅನ್ನುವುದು, ಮೂವತ್ತು ದಾಟಿರಬೇಕು. ರಾಮಾಪುರದ ಕಡೆಯ ರೈತರ ಮನೆಯವಳು. ಕುಡಿದು ಬಡಿಯುವ ಗಂಡನನ್ನು ಬಿಟ್ಟು ಬಂದು, ಹನೂರಿನಲ್ಲಿ ಒಂದು ಕೋಣೆ ಹಿಡಿದು, ಊರವರ ರವಿಕೆ ಹೊಲಿಯುತ್ತಿದ್ದಳು. ಈಗ ರಸ್ತೆಯ ಮೇಲೇ ಒಂದು ಮಳಿಗೆ ಸಿಕ್ಕಿತ್ತು. ಬರುವ ಬುಧವಾರ ಅಂಗಡಿ ಪೂಜೆ. ಆಯುಧಪೂಜೆಯ ಮಾರನೇ ದಿನ ನಮ್ಮೆಜಮಾನರು ಹನೂರಿಗೆ ಹೋಗಿ ಅವಳು ಮೆಷಿನ್ ಮುಂದೆ ಕೂತಿರುವ ಫೋಟೋ ತೆಗೆದು ತಂದಿದ್ದರು. ಹತ್ತಾರು ತೆಗೆದರೂ ಒಪ್ಪಿಗೆಯಾದದ್ದು ಒಂದೇ. ಆ ಒಂದರಿಂದಲೇ ಮೂರು ಕೆಲಸ ಆಗಬೇಕಿತ್ತು. ಅಂಗಡಿಯ ನೆತ್ತಿಗೆ ಉದ್ದನೆಯ ಬ್ಯಾನರ್, ಫೋನಿನಲ್ಲಿ ಸ್ಟೇಟಸ್ ಹಾಕಲು ಚೌಕದ ಚಿತ್ರ, ಒಳಗೆ ಗೋಡೆಗೆ ಕಟ್ಟು ಹಾಕಿಸಲು ಒಂದು ಪ್ರಿಂಟ್.

"ಅಕ್ಕಾ, ಎಂಗಾರಾ ಮಾಡಿ, ನಮ್ಮವ್ವ ನೋಡುದ್ರೆ ಬರಂಗಿರ್ಬೇಕು" ಎಂದಳು, ಸ್ಟೂಲಿನ ಮೇಲೆ ಕೂರುವ ಮೊದಲೇ.

"ಯಾಕವ್ವ, ನಿಮ್ಮವ್ವ ಬರಕಿಲ್ವಾ?"

"ಗಂಡನ್ ಬುಟ್ಟು ಬಂದಾಗ್ಲೇ ಅಂದ್ಬುಟ್ಲು ಕಣಕ್ಕಾ, ನನ್ ಪಾಲ್ಗೆ ನೀನು ಸತ್ತೋದೆ ಅಂತ. ಅವತ್ತಿಂದ ಮಾತಿಲ್ಲ ಕತೆಯಿಲ್ಲ. ಪೂಜೆಗ್ ಬಾ ಅಂತ ನಮ್ಮವ್ವನ್ ಪಕ್ಕದ್ ಮನೆ ಅತ್ತೆ ಕೈಲಿ ಏಳ್ಕಳ್ಸುದ್ರೂ ಜಪ್ಪಯ್ಯ ಅನ್ನಲಿಲ್ಲ."

ಹೇಳಿ ನಕ್ಕಳು. ನನಗೆ ಅಂಥ ನಗು ಕಂಡರೆ ಮೈ ಉರಿಯುತ್ತದೆ, ಅಳುವುದಾದರೆ ಅತ್ತುಬಿಡಬಾರದೇ. ಆದರೂ ನನ್ನ ತಾಯಿಯ ನೆನಪಾಯಿತು. ಅವಳು ಯಳಂದೂರಿನಲ್ಲಿ ಇದ್ದಾಗ ವಾರಕ್ಕೊಮ್ಮೆ ಏನಾದರೂ ನೆಪ ಹುಡುಕಿಕೊಂಡು ಇಲ್ಲಿಗೆ ಬರುತ್ತಿದ್ದಳು. ಬಂದರೆ ಬೈದುಕೊಂಡೇ ಕೂರುತ್ತಿದ್ದಳು, ಆದರೂ ಬರುತ್ತಿದ್ದಳು.

ನಮ್ಮೆಜಮಾನರಿಗೆ ಒಂದು ಪದ್ಧತಿ ಇದೆ. ಗಿರಾಕಿ ಏನೇ ಹೇಳಲಿ, ಒಂದೇ ಫೋಟೋವನ್ನು ಬೇರೆ ಬೇರೆ ರೀತಿ ಕತ್ತರಿಸಿ, ಎಲ್ಲವನ್ನೂ ಒಂದು ಹಾಳೆಯಲ್ಲಿ ಸಣ್ಣದಾಗಿ ಅಚ್ಚು ಹಾಕಬೇಕು. ಹಾಳೆಯನ್ನು ಗೋಡೆಗೆ ಅಂಟಿಸಿ, ಅವರು ರಸ್ತೆ ದಾಟಿ ಎದುರಿನ ಟೀ ಅಂಗಡಿಯ ಮುಂದೆ ನಿಂತು ಕಣ್ಣು ಕಿರಿದು ಮಾಡಿ ನೋಡುತ್ತಾರೆ. ಆಮೇಲೆ ಬಂದು ಹಾಳೆಯನ್ನು ತಲೆಕೆಳಗು ಮಾಡಿ ನೋಡುತ್ತಾರೆ. ತಲೆಕೆಳಗಾದಾಗ ಮುಖ ಮರೆತುಹೋಗಿ ತೂಕ ಎಲ್ಲಿ ಬಿದ್ದಿದೆ ಅನ್ನುವುದು ಮಾತ್ರ ಕಾಣುತ್ತದಂತೆ. ಕೊನೆಗೆ ಪೆನ್ಸಿಲಿನಲ್ಲಿ ಒಂದು, ಎರಡು, ಮೂರು ಎಂದು ಬರೆಯುತ್ತಾರೆ. ಆ ನಂಬರು ಬಿದ್ದಮೇಲೆ ಬ್ರಹ್ಮ ಬಂದರೂ ಅಳಿಸುವಂತಿಲ್ಲ. ಕಂಡ ಕಂಡ ಗೋಡೆಗೆ ಪೋಸ್ಟರ್ ಅಂಟಿಸುವ ಊರಿನಲ್ಲಿ ಇವರೊಬ್ಬರಿಗೆ ಕಾಂಪೋಸಿಷನ್!

ಆ ಫೋಟೋ ಹೀಗಿತ್ತು. ಅಡ್ಡ ಫೋಟೋ, ಮೂರಕ್ಕೆ ಎರಡರ ಅಳತೆ. ನಡುವೆ ತುಸು ಎಡಕ್ಕೆ ಅವಳು, ಹೊಲಿಯುವುದನ್ನು ಅರೆಕ್ಷಣ ನಿಲ್ಲಿಸಿ ತಲೆ ಎತ್ತಿ ನೋಡುತ್ತಿದ್ದಾಳೆ. ಮುಖದಲ್ಲಿ ನಗುವೂ ಅಲ್ಲ, ಗಂಭೀರವೂ ಅಲ್ಲ. ಕೈ ಕೆಳಗೆ ಹಸಿರು ರೇಷ್ಮೆ ಬಟ್ಟೆ ಬಲಕ್ಕೆ ಹರಿದು ಮೇಜಿನಿಂದ ಇಳಿಬಿದ್ದಿದೆ. ಹಿಂದಿನ ಗೋಡೆಗೆ ಆಯುಧಪೂಜೆಯ ದಿನ ಕಟ್ಟಿದ ಚೆಂಡುಹೂವಿನ ಸರ ಜೋತು ಬಿದ್ದಿದೆ. ಕೆಳಗೆ ಪೆಡಲಿನ ಮೇಲೆ ಅವಳ ಎರಡು ಬರಿಗಾಲು. ಒಂದು ಕಾಲು ಸ್ವಲ್ಪ ಮುಂದೆ, ತುಳಿಯುತ್ತಿದ್ದ ಹಾಗೇ. ಪಕ್ಕದಲ್ಲಿ ಕತ್ತರಿಸಿದ ಬಟ್ಟೆ ಚೂರು, ಬಿಚ್ಚಿಟ್ಟ ಚಪ್ಪಲಿ, ಒಂದು ಎಣ್ಣೆ ಡಬ್ಬಿ.

ಮೊದಲು ಬ್ಯಾನರ್. ಹನ್ನೆರಡು ಅಡಿ ಉದ್ದ, ಮೂರು ಅಡಿ ಎತ್ತರ. ಅಷ್ಟು ಸಪೂರವಾದ ಪಟ್ಟಿಗೆ ಈ ಫೋಟೋವನ್ನು ಪೂರ್ತಿ ಅಗಲಕ್ಕೆ ಹಾಕಿದರೆ ಎತ್ತರದಲ್ಲಿ ಅರ್ಧಕ್ಕಿಂತ ಜಾಸ್ತಿ ಕಳೆದುಕೊಳ್ಳಬೇಕು. ಮುಖ ಉಳಿಸಿಕೊಂಡರೆ ಕೈ ಹೋಯಿತು, ಕೈ ಉಳಿಸಿಕೊಂಡರೆ ಮುಖ ಹೋಯಿತು. ನಾನು ಮೂರು ಪಟ್ಟಿ ಕತ್ತರಿಸಿದೆ. ಮೇಲಿನದರಲ್ಲಿ ಮುಖ, ನಡುವಿನದರಲ್ಲಿ ಕೈ ಮತ್ತು ಸೂಜಿ. ಕೆಳಗಿನದು ತಮಾಷೆಗೆ, ಬರೀ ಕಾಲು, ಪೆಡಲು, ಚಪ್ಪಲಿ.

ನಮ್ಮೆಜಮಾನರು ಟೀ ಅಂಗಡಿಯಿಂದ ವಾಪಸು ಬಂದು ನಡುವಿನ ಪಟ್ಟಿಗೆ ಒಂದು ಎಂದು ಬರೆದರು. "ಸೂಜಿ ಎಡಗಡೆ ಮೂರನೇ ಒಂದು ಭಾಗದಲ್ಲಿ ಕೂತದೆ. ಬಟ್ಟೆ ಬಲಕ್ಕೆ ಅರೀತದೆ, ಅಲ್ಲೇ ಜಾಗ ಅದೆ, ಅಕ್ಷರ ಕೂರುಸ್ಬೋದು. ಮುಖದ್ ಪಟ್ಟೀಲಿ ನೆತ್ತಿ ಅಂಚ್ಗೆ ತಾಗ್ತದೆ, ಬ್ಯಾನರ್ ಅಂಚು ಮಡಚಿ ಅಗ್ಗ ಕಟ್ಟಕ್ಕೆ ರಿಂಗ್ ಒಡುದ್ರೆ ತಲೆನೇ ಓಯ್ತದೆ" ಎಂದರು. ಮುಖದ್ದಕ್ಕೆ ಎರಡು ಬಿತ್ತು. ಕಾಲಿನ ಪಟ್ಟಿಗೆ ಮೂರು ಬರೆಯುತ್ತಾ ನನ್ನನ್ನು ನೋಡಿ, "ಇದೇನೆ ಇದು, ಚಪ್ಪಲಿ ಅಂಗಡಿ ಬ್ಯಾನರ್ರಾ?" ಎಂದರು.

ಟೈಲರ್ ಹುಡುಗಿಯ ಮುಖ ಸಪ್ಪಗಾಯಿತು. "ಸಾ, ಮೊಕನೇ ಇಲ್ವಲ್ಲಾ?"

"ಮೊಕಕ್ಕೆ ಸ್ಕ್ವೇರ್ ಅದೆ ಕಣವ್ವ. ಬ್ಯಾನರ್ನ ಬಸ್ಸಲ್ ಓಗೋರು ನೋಡ್ತಾರೆ, ಅರಗಳಿಗೆ. ಟೈಲರ್ ಅಂತ ಗೊತ್ತಾದ್ರೆ ಸಾಕು."

ಅದರಲ್ಲಿ ನನಗೂ ತಕರಾರಿರಲಿಲ್ಲ. ಆ ಪಟ್ಟಿ ನಿಜವಾಗಲೂ ಚೆನ್ನಾಗಿತ್ತು. ಜಗಳ ಶುರುವಾದದ್ದು ಚೌಕದಿಂದ.

ಚೌಕಕ್ಕೆ ಎತ್ತರ ಕಳೆದುಕೊಳ್ಳಬೇಕಾಗಿಲ್ಲ, ಎರಡು ಬದಿ ಬಿಟ್ಟರೆ ಸಾಕು. ನಾನು ನೆತ್ತಿಯಿಂದ ಕಾಲಿನವರೆಗೆ ಅವಳು ಮೆಷಿನ್ ಸಮೇತ ಬರುವಂತೆ ಒಂದು ಕತ್ತರಿಸಿದೆ. ಸೊಂಟದಿಂದ ಮೇಲಕ್ಕೆ ಇನ್ನೊಂದು. ನಮ್ಮೆಜಮಾನರು ಮೌಸ್ ಕಿತ್ತುಕೊಂಡು ಮೂರನೆಯದನ್ನು ತಾವೇ ಮಾಡಿದರು. ಬರೀ ಮುಖ ಮತ್ತು ಹೆಗಲು, ಎದೆಮಟ್ಟಕ್ಕೆ. ಗೋಡೆಯ ಮೇಲಿದ್ದ ಚೆಂಡುಹೂವಿನ ಸರ ಈಗ ಅವಳ ತಲೆಯ ಮೇಲೆ ಕಮಾನಿನಂತೆ ಬಂದು, ಎರಡು ಕಡೆಯಿಂದ ಇಳಿದಿತ್ತು. ಹಿಂದಿನ ಗೋಡೆಯನ್ನು ತುಸು ಕಪ್ಪು ಮಾಡಿದರು, ಹೂವು ಎದ್ದು ಕಾಣಲಿ ಎಂದು.

"ನೋಡು, ಊವೇ ಚೌಕಟ್ಟು ಕೊಡ್ತದೆ! ಕಣ್ಣು ಬೇರೆ ಕಡೆ ಓಗಂಗೇ ಇಲ್ಲ" ಎಂದು ದೊಡ್ಡದಾಗಿ ಒಂದು ಎಂದು ಬರೆದರು. ನನ್ನದಕ್ಕೆ ಮೂರು.

"ರೀ, ಪೂರ್ತಿ ಇರೋದ್ರಲ್ಲಿ ಅವಳು ಕೆಲಸ ಮಾಡ್ತಿರೋದು ಕಾಣ್ತದೆ. ಇದ್ರಲ್ಲಿ ಯಾರೋ ಏನೋ ಅನ್ನೋ ಅಂಗದೆ" ಎಂದೆ.

"ಫೋನಲ್ಲಿ ನಿನ್ದು ಎಷ್ಟು ಕಾಣ್ತದೆ? ಮೊಕ ಅವರೆಕಾಳು ಆಯ್ತದೆ. ಕೆಳಗೆಲ್ಲ ಕಸ."

ಅದೂ ಸುಳ್ಳಲ್ಲ. ಸುಳ್ಳಲ್ಲದ ಮಾತಿನ ಜೊತೆ ವಾದ ಮಾಡುವಷ್ಟು ಸುಸ್ತು ಇನ್ನೊಂದಿಲ್ಲ. ಹುಡುಗಿಯ ಕಡೆ ನೋಡಿದೆ. ಅವಳು ಹೂವಿನ ಕಮಾನಿನದನ್ನೇ ನೋಡುತ್ತಿದ್ದಳು. "ಇದ್ರಲ್ಲಿ ಚೆಂದಾಗಿವ್ನಿ ಅಲ್ವಾ ಅಕ್ಕಾ? ನಮ್ಮವ್ವಂಗೆ ಇದೇ ಕಳುಸ್ತೀನಿ" ಎಂದಳು. ಇನ್ನು ನನ್ನದೇನು? ಮದುಮಗಳಿಗೇ ಒಪ್ಪಿಗೆಯಾದಮೇಲೆ ಓಲಗದವನ ಮಾತು ಯಾರಿಗೆ ಬೇಕು.

ಚೌಕದ ಕೆಳಗೆ ಅವಳ ಹೆಸರು, ಊರು, ಪೂಜೆಯ ದಿನಾಂಕ ಹಾಕಿಸಿದರು. "ಅಂಗಡಿ ಪೂಜೆಗೆ ಬನ್ನಿ" ಅಂತ ಇನ್ನೊಂದು ಸಾಲು ಹಾಕಲೇ ಎಂದರೆ, ಅಕ್ಷರ ಜಾಸ್ತಿಯಾದರೆ ಮುಖ ಇಕ್ಕಟ್ಟಾಗುತ್ತದೆ, ಆ ಮಾತನ್ನು ಬೇರೆ ಮೆಸೇಜ್ ಮಾಡಲಿ ಎಂದರು. ಗೋಡೆಯ ಪ್ರಿಂಟ್ ವಿಷಯ ತೀರ್ಮಾನವಾಗಲಿಲ್ಲ. ಹನ್ನೆರಡು ಹದಿನೆಂಟಿನ ಪ್ರಿಂಟಿಗೆ ಫೋಟೋ ಏನೂ ಕತ್ತರಿಸದೆ ಪೂರ್ತಿ ಕೂರುತ್ತದೆ. ಅದೇ ಇರಲಿ ಎಂದು ನಾನು, ಸೊಂಟದ ಮೇಲಿನದು ಎಂದು ಇವರು. ಪೂರ್ತಿ ಫೋಟೋಗೆ ಇವರು ಕೊಟ್ಟದ್ದು ಕೊನೆಯ ನಂಬರು. ಅಷ್ಟರಲ್ಲಿ ಕರೆಂಟು ಹೋಯಿತು. ಹಾಳೆಯನ್ನು ಮಡಚಿ ನನ್ನ ಬ್ಯಾಗಿಗೆ ತುರುಕಿಕೊಂಡೆ.

ಸೋಮವಾರ ಸಂಜೆ ಹುಡುಗಿ ಚೌಕದ ಚಿತ್ರವನ್ನು ಸ್ಟೇಟಸ್ಸಿಗೆ ಹಾಕಿ, ನೆಂಟರಿಗೆಲ್ಲ ಕಳಿಸಿದಳು. ಮಂಗಳವಾರ ಬೆಳಿಗ್ಗೆ ನಾವಿಬ್ಬರೂ ಬ್ಯಾನರ್ ಸುತ್ತಿಕೊಂಡು ಹನೂರಿಗೆ ಬಸ್ಸು ಹತ್ತಿದೆವು. ಹೋಗಿ ನೋಡಿದರೆ ಅವಳು ಫೋನು ಹಿಡಿದು ಪೆಚ್ಚಾಗಿ ನಿಂತಿದ್ದಾಳೆ.

"ಅಕ್ಕಾ, ಇದೇನು ಅಂತ ನೋಡಿ."

ನೋಡಿದೆ. ಅವಳ ಚಿಕ್ಕಪ್ಪನ ಮಗ ಯಾರೋ ಕೈಮುಗಿದ ಗುರುತು ಹಾಕಿ "ಓಂ ಶಾಂತಿ" ಎಂದು ಬರೆದಿದ್ದ. ಇನ್ನೊಬ್ಬರು "ಎಂಗಾಯ್ತು? ಚೆನ್ನಾಗಿದ್ಲಲ್ಲ" ಎಂದು ಕೇಳಿದ್ದರು. ಅವಳು ಅವರಿಗೆಲ್ಲ ಬದುಕಿದ್ದೀನಿ ಎಂದು ಉತ್ತರ ಬರೆದೂ ಬರೆದೂ ಸಾಕಾಗಿದ್ದಳು.

ಹಾಳಾದ್ದು, ಆಗ ನನ್ನ ಕಣ್ಣಿಗೆ ಹೊಡೆಯಿತು. ಕಪ್ಪು ಗೋಡೆ, ಎದೆಮಟ್ಟದ ಮುಖ, ಸುತ್ತ ಹೂವಿನ ಸರ, ಕೆಳಗೆ ಹೆಸರು, ದಿನಾಂಕ. ನಮ್ಮ ತಾಲ್ಲೂಕಿನಲ್ಲಿ ಇಂಥ ಚಿತ್ರ ಕಂಡರೆ ಯಾರೂ ಓದುವುದಿಲ್ಲ, ಅಯ್ಯೋ ಎಂದು ಕೈ ಮುಗಿಯುತ್ತಾರೆ. ನಮ್ಮೆಜಮಾನರು ಫೋನನ್ನು ದೂರ ಹಿಡಿದರು, ಹತ್ತಿರ ಹಿಡಿದರು, ಕಣ್ಣು ಕಿರಿದು ಮಾಡಿದರು. ಫೋನು ಕೊಟ್ಟು ಏಣಿ ಹತ್ತಿದರು.

"ನಿಮ್ಮವ್ವಂಗೂ ಓಗ್ಯದಾ ಇದು?" ಎಂದು ಕೇಳಿದೆ.

"ಪಕ್ಕದ್ ಮನೆ ಅತ್ತೆ ಫೋನ್ಗೆ ಕಳ್ಸಿದ್ದೆ. ಅವ್ರಿಬ್ರುಗೂ ಓದಕ್ ಬರಕಿಲ್ಲ. ಈಗ ಮಾಡುದ್ರೆ ಆ ಅತ್ತೆ ಫೋನೇ ಎತ್ತಾ ಇಲ್ಲ" ಎಂದಳು. ಆಮೇಲೆ ತಲೆ ತಗ್ಗಿಸಿ, "ನೋಡುದ್ರೂ ಏನ್ ಬುಡಕ್ಕಾ. ಅವ್ಳ್ ಪಾಲ್ಗೆ ಸತ್ತೋಗಿರೋಳು ತಾನೇ" ಎಂದಳು. ಒಳಗೆ ಹೋಗಿ ಮೆಷಿನ್ನಿಗೆ ಕೂತಳು. ನಾಳೆಗೆ ಕೊಡಬೇಕಾದ ರವಿಕೆ ಒಂದು ಬಾಕಿ ಇತ್ತು. ಬ್ಯಾನರ್ ಕಟ್ಟುವಾಗ ಒಳಗಿನ ಬಟ್ಟೆಗಳ ಮೇಲೆ ಧೂಳು ಬೀಳಬಾರದೆಂದು ನಮ್ಮೆಜಮಾನರು ಶಟರನ್ನು ಮುಕ್ಕಾಲು ಎಳೆದಿದ್ದರು. ಹೊರಗಿನಿಂದ ನೋಡಿದರೆ ಅವಳ ಕಾಲು ಮಾತ್ರ ಕಾಣುತ್ತಿತ್ತು. ಟಕಟಕ ಎಂದು ಮೆಷಿನ್ನಿನ ಸದ್ದು.

ನಾನು ಕೆಳಗೆ ಹಗ್ಗ ಹಿಡಿದು ನಿಂತಿದ್ದೆ. ರಾಮಾಪುರದ ಕಡೆಯ ಬಸ್ಸು ಬಂದು ನಿಂತಿತು. ಬಾಗಿಲು ತೆರೆಯುವ ಮೊದಲೇ ಒಳಗಿನಿಂದ ಅಳು ಕೇಳಿಸಿತು. ಅಂಥ ಅಳುವನ್ನು ಒಂದು ಸಲ ಕೇಳಿದವರು ಮರೆಯುವುದಿಲ್ಲ, ಹೆತ್ತವಳ ಅಳು ಅದು. ಸೆರಗು ಜಾರಿದ್ದರ ಮೇಲೆ ಗ್ಯಾನವಿಲ್ಲದೆ ಒಬ್ಬ ಮುದುಕಿ ಇಳಿದಳು. ಅವಳ ರಟ್ಟೆ ಹಿಡಿದುಕೊಂಡು ಇನ್ನೊಬ್ಬಳು, ಕೈಯಲ್ಲಿ ಪ್ಲಾಸ್ಟಿಕ್ ಕವರು, ಕವರಿನಲ್ಲಿ ಹೂವಿನ ಹಾರ.

"ಅಯ್ಯೋ ನನ್ ಕಂದಾ, ನನ್ ಕರುಳೇ, ಎಲ್ಲಿ ಮನುಗ್ಸಿದ್ದಾರೋ ನಿನ್ನಾ!"

ಹಗ್ಗ ನನ್ನ ಕೈಯಿಂದ ಜಾರಿತು. ಕೂಗಿ ಹೇಳಿದೆ, ಆ ಅಳುವಿನಲ್ಲಿ ಅವಳಿಗೆ ಕೇಳಿಸಲಿಲ್ಲ. ಮುದುಕಿ ಅಂಗಡಿಯ ಕಡೆ ಎದೆ ಬಡಿದುಕೊಳ್ಳುತ್ತಾ ಬಂದವಳು ಗಕ್ಕನೆ ನಿಂತಳು. ಶಟರಿನ ಕೆಳಗೆ ನೋಡುತ್ತಿದ್ದಳು. ಪೆಡಲಿನ ಮೇಲೆ ಆ ಎರಡು ಕಾಲು ಏಳುತ್ತಿದ್ದವು, ಇಳಿಯುತ್ತಿದ್ದವು.

ಮುದುಕಿ ಅಂಗಡಿಯ ಮುಂದಿನ ಧೂಳಿನಲ್ಲೇ ಮಂಡಿಯೂರಿದಳು. ಶಟರಿನ ಕೆಳಗೆ ನುಗ್ಗಿ ಆ ಕಾಲನ್ನು ಎರಡು ಕೈಯಲ್ಲೂ ಹಿಡಿದುಕೊಂಡುಬಿಟ್ಟಳು. ಮೆಷಿನ್ ನಿಂತಿತು. ಒಳಗಿನಿಂದ "ಯಾರದು? ಅವ್ವಾ?" ಎಂಬ ಕೂಗು. ನಮ್ಮೆಜಮಾನರು ಏಣಿಯಿಂದ ಧುಮುಕಿ ಶಟರ್ ಎತ್ತಿದರು.

ಆಮೇಲೆ ಏನು ಕೇಳುತ್ತೀರಿ. ಮುದುಕಿ ಮಗಳ ಬೆನ್ನಿಗೆ ದಬದಬ ಗುದ್ದಿದಳು, "ಬಡ್ಡೆತ್ತದೇ, ಬದುಕಿದ್ದೀಯಾ, ಬದುಕಿದ್ದೀಯಾ" ಎಂದು. ಗುದ್ದಿದ ಕೈಯಲ್ಲೇ ಕೆನ್ನೆ ಸವರಿದಳು, ಮತ್ತೆ ಗುದ್ದಿದಳು. ಮಗಳು ಈಗ ನಗಲಿಲ್ಲ, ಗೋಳೋ ಎಂದು ಅತ್ತಳು. ಪಕ್ಕದ ಮನೆಯ ಅತ್ತೆ ಹಾರದ ಕವರನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡು, "ನಂಗೇನ್ ಗೊತ್ತವ್ವ, ಪಟ ಅಂಗಿತ್ತು" ಎಂದು ನನಗೇ ಹೇಳಿದಳು. ಪಟ ಅಂಗೇ ಇತ್ತು.

"ಅವತ್ತು ಬಾಯ್ ಜಾರಿ ಅಂದ್ಬುಟ್ಟೆ ಕಣವ್ವ" ಎಂದು ಮುದುಕಿ ಬಿಕ್ಕಿದಳು. "ಸತ್ತೋದೆ ಅಂತ ಅಂದ್ಬುಟ್ಟೆ. ದೇವ್ರು ಅದನ್ನೇ ಇಡ್ಕಬುಟ್ನಾ ಅಂತ ದಾರಿ ಉದ್ದಕೂ... ಬಾಯಿಗೆ ಮಣ್ಣಾಕ, ನನ್ ಬಾಯಿಗೆ."

ಟೀ ತರಿಸಿದೆ. ಅಳು ಇಳಿಯಿತು. ನಮ್ಮೆಜಮಾನರು ಹೊರಗೆ ಹೋಗಿ ಒಂಟಿಯಾಗಿ ಬ್ಯಾನರಿನ ಇನ್ನೊಂದು ತುದಿ ಕಟ್ಟುತ್ತಿದ್ದರು. ಏನಾದರೂ ಮಾತಾಡಿ ಹಗುರ ಮಾಡೋಣವೆಂದು ನಾನು ಬ್ಯಾಗಿನಿಂದ ಆ ಹಾಳೆ ತೆಗೆದೆ. "ಅವ್ವಾ, ಗೋಡೆಗೆ ಪಟ ಮಾಡುಸ್ಬೇಕು. ಯಾವ್ದು ಆಕನ, ನೀವೇ ಏಳಿ" ಎಂದು ಅವಳ ತೊಡೆಯ ಮೇಲೆ ಹರಡಿದೆ.

ಮುದುಕಿ ಸೆರಗಿನಿಂದ ಕಣ್ಣೊರೆಸಿಕೊಂಡು ಒಂದೊಂದನ್ನೇ ನೋಡಿದಳು. ಹೂವಿನ ಕಮಾನಿನ ಚೌಕ ಕಂಡದ್ದೇ ಅದರ ಮೇಲೆ ಅಂಗೈ ಮುಚ್ಚಿದಳು. ಸೊಂಟದ ಮೇಲಿನದನ್ನು ನೋಡಿ ತಲೆಯಾಡಿಸಿದಳು. ಕೊನೆಗೆ ಅವಳ ಬೆರಳು ಪೂರ್ತಿ ಫೋಟೋದ ಮೇಲೆ ನಿಂತಿತು. ಕೆಳಗೆ ಬಟ್ಟೆ ಚೂರು, ಚಪ್ಪಲಿ, ಎಣ್ಣೆ ಡಬ್ಬಿಯ ಪಕ್ಕದ ಪೆಡಲಿನ ಮೇಲೆ.

"ಇದು" ಎಂದಳು.

ಅಷ್ಟರಲ್ಲಿ ಒಳಗೆ ಬಂದಿದ್ದ ನಮ್ಮೆಜಮಾನರು ಬಾಗಿ ನೋಡಿದರು. ಚಾಳಿ ಎಲ್ಲಿಗೆ ಹೋಗುತ್ತದೆ. "ಅದ್ರಲ್ಲಿ ಮೊಕ ಚಿಕ್ದು ಕಣಮ್ಮಾ. ಕೆಳಗೆ ಕಸ ಜಾಸ್ತಿ ಅದೆ" ಎಂದರು, ಮೆಲ್ಲಗೆ.

"ಇರ್ಲಿ ಸಾ" ಎಂದಳು ಮುದುಕಿ. ಬೆರಳು ಪೆಡಲಿನ ಮೇಲಿಂದ ಕದಲಲಿಲ್ಲ. "ಇದ್ರಲ್ಲಿ ಕಾಲು ಕಾಣ್ತದೆ. ಸತ್ತೋರ್ ಪಟದಲ್ಲಿ ಕಾಲಿರಕಿಲ್ಲ."

ನಾನು ಇಷ್ಟು ವರ್ಷ ಕತ್ತರಿಸಿದ ಶ್ರದ್ಧಾಂಜಲಿಗಳೆಲ್ಲ ಕಣ್ಣ ಮುಂದೆ ಹಾದುಹೋದವು. ಒಂದರಲ್ಲೂ ಕಾಲಿರಲಿಲ್ಲ. ನನ್ನ ತಾಯಿಯದು ನಮ್ಮ ಮನೆಯ ಗೋಡೆಯ ಮೇಲಿದೆ, ಅದನ್ನೂ ನಾನೇ ಎದೆಮಟ್ಟಕ್ಕೆ ಕತ್ತರಿಸಿದ್ದು. ಯಳಂದೂರಿನಿಂದ ಇಲ್ಲಿಯವರೆಗೆ ಆ ನೆಪ ಈ ನೆಪ ಎಂದು ಬರುತ್ತಿದ್ದ ಕಾಲು ಅದರಲ್ಲಿ ಇಲ್ಲ.

ನಮ್ಮೆಜಮಾನರು ಕಿವಿಯ ಮೇಲಿದ್ದ ಪೆನ್ಸಿಲ್ ತೆಗೆದರು. ಪೂರ್ತಿ ಫೋಟೋದ ಪಕ್ಕದಲ್ಲಿದ್ದ ನಂಬರನ್ನು ಹೊಡೆದುಹಾಕಿ ಒಂದು ಎಂದು ಬರೆದರು. ಹಾಳೆಯನ್ನು ತಲೆಕೆಳಗು ಮಾಡಿ ನೋಡಲಿಲ್ಲ. ಮುದುಕಿ ಆವತ್ತು ಊರಿಗೆ ವಾಪಸು ಹೋಗಲಿಲ್ಲ.